ಮನೆ ಬಾಗಿಲಿಗೆ ಬಿಡುವ ವ್ಯಾನು

(ಮೈಸೂರು, ಕುವೆಂಪುನಗರ. ಸಂಜೆ ಭಜನೆ ಮುಗಿದ ಮೇಲೆ ಮೈಕಿನಲ್ಲಿ ಓದುವುದು. ಸುಮಾರು ಏಳು ನಿಮಿಷ. ರೋಗಿಗಳ ಫೋಟೋ ತೋರಿಸುವುದು ಬೇಡ, ಹಿಂದೆ ಸಂಗೀತವೂ ಬೇಡ. ವ್ಯಾನಿನ ನೋಟ್‌ಬುಕ್ ಕೈಯಲ್ಲಿರಲಿ.)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಿಮ್ಮಲ್ಲಿ ಹಲವರ ಮನೆಗೆ ನಮ್ಮ ನಾಲ್ಕು ಪುಟದ ಪತ್ರ ಬಂದಿರುತ್ತದೆ. ಮದ್ದೂರು ಕಡೆಯ ಹಳ್ಳಿಗಳಿಂದ ಮಂಡ್ಯಕ್ಕೆ ಡಯಾಲಿಸಿಸ್‌ಗೆ ಹೋಗುವವರಿಗಾಗಿ ನಾವು ಒಂದು ವ್ಯಾನು ಓಡಿಸುತ್ತೇವೆ. ಆ ಪತ್ರ ಅದರ ಬಗ್ಗೆಯೇ. ಅದನ್ನೇ ಇವತ್ತು ಬಾಯಲ್ಲಿ ಹೇಳಲು ಬಂದೆ. ಆದರೆ ಅದರಲ್ಲಿ ಬರೆದ ಎರಡು ಮಾತನ್ನು ಮೊದಲು ತಿದ್ದಬೇಕು.

ಪತ್ರದ ಮೊದಲ ಪುಟದಲ್ಲಿ ಒಬ್ಬ ಯಜಮಾನರ ಕತೆ ಇತ್ತು. ಎಳನೀರು ವ್ಯಾಪಾರ ಮಾಡುತ್ತಿದ್ದವರು. ಪತ್ರ ಅಚ್ಚಾಗಿ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಎರಡನೆಯದು, ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೆವು: "ನಿಮ್ಮ ಒಂದು ಸಾವಿರ ರೂಪಾಯಿ ಒಂದು ಜೀವ ಉಳಿಸುತ್ತದೆ." ಇದು ನಿಜ ಅಲ್ಲ. ನಾನು ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವಳು, ಆ ಸಾಲು ಬರೆಯಲು ಬಿಡಬಾರದಿತ್ತು. ಕೆಟ್ಟ ಕಿಡ್ನಿಯನ್ನು ಡಯಾಲಿಸಿಸ್ ಸರಿ ಮಾಡುವುದಿಲ್ಲ. ಕಿಡ್ನಿ ಮಾಡಬೇಕಾದ ಕೆಲಸದಲ್ಲಿ ಒಂದಿಷ್ಟನ್ನು ಯಂತ್ರ ಮಾಡುತ್ತದೆ, ಅಷ್ಟೇ. ವಾರಕ್ಕೆ ಎರಡು ಸಲ, ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಬೇರೆ ಕಿಡ್ನಿ ಹಾಕಿಸಿಕೊಳ್ಳಲು ಆಗದವರು ಬದುಕಿರುವಷ್ಟು ದಿನವೂ ಹೋಗುತ್ತಲೇ ಇರಬೇಕು.

ಆ ಯಜಮಾನರ ವಿಷಯ ಇನ್ನೂ ಸ್ವಲ್ಪ ಹೇಳುತ್ತೇನೆ. ಹೇಳಬಹುದು ಅಂತ ಅವರ ಹೆಂಡತಿ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ಮದ್ದೂರಿನ ಎಳನೀರು ಮಾರುಕಟ್ಟೆ ನಿಮಗೆ ಗೊತ್ತಲ್ವಾ? ಅಲ್ಲಿಗೆ ಗಾಡಿ ತುಂಬಿಸಿ ಕಳಿಸುತ್ತಿದ್ದವರು. ಕಿಡ್ನಿ ಹೋದ ಮೇಲೆ ಡಾಕ್ಟರು ಮೊದಲು ನಿಲ್ಲಿಸಿದ್ದೇ ಎಳನೀರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಹೃದಯಕ್ಕೇ ಅಪಾಯ. ನೀರನ್ನೂ ಅಳೆದು ಕುಡಿಯಬೇಕು. ಅವರ ಮನೆ ಹಿಂದೆಯೇ ನಾಲೆ. ಬೇಸಿಗೆಯಲ್ಲಿ ಜಗಲಿ ಮೇಲೆ ಕೂತು, ಲೋಟದಲ್ಲಿ ಎರಡು ಗುಟುಕು ನೀರು ಇಟ್ಟುಕೊಂಡು ಆ ನಾಲೆಯನ್ನೇ ನೋಡುತ್ತಿದ್ದರು. ಒಂದು ದಿನ ವ್ಯಾನಿನಲ್ಲಿ ನನಗೆ ಹೇಳಿದರು: "ಸಿಸ್ಟ್ರೇ, ಊರಿಗೆಲ್ಲ ಎಳನೀರು ಕೊಚ್ಚಿ ಕೊಟ್ಟೋನು ನಾನು. ಈಗ ನಾನೇ ಒಂದ್ ತೊಟ್ಟು ಕುಡಿಯಂಗಿಲ್ಲ." ಏನು ಹೇಳಬೇಕೋ ತಿಳಿಯದೆ ಸುಮ್ನೆ ಅವರ ಕೈ ಹಿಡಿದುಕೊಂಡೆ.

ಡಯಾಲಿಸಿಸ್‌ಗೆ ದುಡ್ಡು ಕೊಡಬೇಕಿರಲಿಲ್ಲ. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದು ಉಚಿತ. ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಅಲ್ಲಿ ಸರದಿ ಸಿಗದವರು ದೂರ ಹೋಗಬೇಕು. ಕಷ್ಟ ಇರುವುದು ಹೋಗಿ ಬರುವುದರಲ್ಲಿ.

"ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ?" ಅಂತ ಕೇಳುತ್ತಾರೆ. ಹೌದು, 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ನಮ್ಮ ತಾಯಂದಿರಿಗೆ ಅದರಿಂದ ತುಂಬಾ ಉಪಕಾರ ಆಗಿದೆ. ಆದರೆ ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ಎದ್ದವರನ್ನು ನೋಡಿದ್ದೀರಾ? ಎಷ್ಟೋ ಜನರಿಗೆ ಬಿಪಿ ಇಳಿದು ತಲೆ ಸುತ್ತುತ್ತದೆ. ಕಾಲು ಹಿಡಿದುಕೊಳ್ಳುತ್ತದೆ. ಸೂಜಿ ಚುಚ್ಚಲೆಂದು ಕೈಯಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ, ಆ ಕೈ ಮೇಲೆ ಭಾರ ಬೀಳಬಾರದು. ಸಂತೆ ದಿನದ ಬಸ್ಸಿನಲ್ಲಿ ಒಂದೇ ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ನಿಂತವರನ್ನು ನಾನು ಕಂಡಿದ್ದೇನೆ. ಮುಖ್ಯರಸ್ತೆಯಲ್ಲಿ ಇಳಿದ ಮೇಲೆ ಊರೊಳಕ್ಕೆ ಮತ್ತೆ ಎರಡು ಮೂರು ಕಿಲೋಮೀಟರ್ ನಡೆಯಬೇಕು. ಹೀಗೆ ಸುಸ್ತಾದವರು "ಈ ಸಲ ಬೇಡ, ಮುಂದಿನ ಸಲ ಹೋಗೋಣ" ಅನ್ನುತ್ತಾರೆ. ತಪ್ಪಿಸಿಕೊಂಡರೆ ಮೈಯಲ್ಲಿ ನೀರು ನಿಲ್ಲುತ್ತದೆ. ಶ್ವಾಸಕೋಶಕ್ಕೆ ಬಂದರೆ ರಾತ್ರಿ ಮಲಗಿ ಉಸಿರಾಡಲೂ ಆಗುವುದಿಲ್ಲ.

ನಾವು ಮಾಡುವುದು ಇಷ್ಟೇ. ಮನೆ ಬಾಗಿಲಿಂದ ಕರೆದುಕೊಂಡು ಹೋಗುತ್ತೇವೆ. ಮುಗಿಯುವವರೆಗೆ ಕಾಯುತ್ತೇವೆ. ವಾಪಸ್ ಮನೆ ಬಾಗಿಲಿಗೆ ಬಿಡುತ್ತೇವೆ. ಈಗ ಹದಿನಾಲ್ಕು ಜನ ಇದ್ದಾರೆ.

(ನೋಟ್‌ಬುಕ್ ತೆರೆದು ಓದುವುದು.)

ವ್ಯಾನಿಗೆ ತಿಂಗಳ ಖರ್ಚು: ಡೀಸೆಲ್ 22,000 ರೂಪಾಯಿ. ಡ್ರೈವರ್ ಸಂಬಳ 18,000. ಇನ್ಶೂರೆನ್ಸ್, ಟೈರು, ರಿಪೇರಿಗೆ ಸರಾಸರಿ 8,000. ಒಟ್ಟು 48,000. ತಿಂಗಳಿಗೆ ಸುಮಾರು 120 ಸಲ ಒಬ್ಬೊಬ್ಬರನ್ನು ಕರೆದೊಯ್ದು ಬಿಡುತ್ತೇವೆ. ಅಲ್ಲಿಗೆ ಒಬ್ಬರಿಗೆ ಒಂದು ಸಲಕ್ಕೆ 400 ರೂಪಾಯಿ ಆಯಿತು. ಡ್ರೈವರ್ ಬಿಟ್ಟು ನಮ್ಮಲ್ಲಿ ಯಾರಿಗೂ ಸಂಬಳ ಇಲ್ಲ. ಡ್ರೈವರ್‌ಗೆ ಕೊಡುವುದನ್ನು ಕಡಿಮೆ ಮಾಡಬಹುದಲ್ಲ ಅಂತ ಕೆಲವರು ಕೇಳಿದರು. ನಾನು ಒಪ್ಪಲಿಲ್ಲ. ಬೆಳಿಗ್ಗೆ ಐದೂವರೆಗೆ ಹೊರಡುವವರು ಅವರು. ನಡೆಯಲಾಗದ ಅಜ್ಜಿಯನ್ನು ಮಗನ ಹಾಗೆ ಎತ್ತಿ ಕೂರಿಸುತ್ತಾರೆ.

ಪತ್ರದಲ್ಲಿ ಬರೆಯದೇ ಬಿಟ್ಟದ್ದೂ ಒಂದಿದೆ. ಹೋದ ಮಳೆಗಾಲದಲ್ಲಿ ವ್ಯಾನು ನಾಲ್ಕು ದಿನ ಕೆಟ್ಟು ನಿಂತಿತ್ತು. ದುಡ್ಡು ಉಳಿಸೋಣ ಅಂತ ಸರ್ವಿಸ್ ಮುಂದೂಡಿದ್ದೆವು, ತಪ್ಪು ನಮ್ಮದೇ. ಆ ನಾಲ್ಕು ದಿನದಲ್ಲಿ ಇಬ್ಬರು ಡಯಾಲಿಸಿಸ್ ತಪ್ಪಿಸಿಕೊಂಡು, ಏದುಸಿರು ಬಿಡುತ್ತಾ ಆಸ್ಪತ್ರೆ ಸೇರಿದರು. ಇಬ್ಬರೂ ಹುಷಾರಾದರು. ಆದರೂ ಅವರ ಮನೆಯವರ ಮುಂದೆ ನಿಂತ ಆ ಸಂಜೆಯನ್ನು ನಾನು ಮರೆಯಲಾರೆ. ಈಗ ಸರ್ವಿಸ್ ತಪ್ಪಿಸುವುದಿಲ್ಲ. ವ್ಯಾನು ಕೆಟ್ಟ ದಿನ ಬರಲು ಒಬ್ಬ ಟ್ಯಾಕ್ಸಿಯವರ ಜೊತೆ ಮಾತಾಡಿಟ್ಟಿದ್ದೇವೆ.

ಖಾತೆಯಲ್ಲಿ ಇವತ್ತು 1,13,000 ರೂಪಾಯಿ ಇದೆ. ಎರಡು ತಿಂಗಳ ಮೇಲೆ ಹತ್ತು ದಿನ ಓಡುತ್ತದೆ. ಇವತ್ತಿನಿಂದ ಒಂದು ವರ್ಷ ಪೂರ್ತಿ ಓಡಿಸಲು ಇದರ ಜೊತೆಗೆ ಇನ್ನೂ 4,63,000 ಬೇಕು. ಇವತ್ತು ಕೇಳುತ್ತಿರುವುದು ಅಷ್ಟನ್ನೇ. ಇನ್ನೂ ಆರು ಜನ ನಮ್ಮನ್ನೂ ಕರೆದುಕೊಂಡು ಹೋಗಿ ಅಂತ ಕೇಳಿದ್ದಾರೆ. ಈ ದುಡ್ಡಿನಿಂದ ಅವರನ್ನು ಸೇರಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಇನ್ನೊಂದು ಗಾಡಿ, ಇನ್ನೊಬ್ಬ ಡ್ರೈವರ್ ಬೇಕು. ಇರುವ ಹದಿನಾಲ್ಕು ಜನರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಮೊದಲು.

ಒಂದೇ ಸಲ ದೊಡ್ಡ ಮೊತ್ತ ಬೇಡ ಅನ್ನುವವರು ತಿಂಗಳಿಗೆ 400 ರೂಪಾಯಿ ಕೊಡಬಹುದು. ನಿಜ ಹೇಳಬೇಕೆಂದರೆ ನಮಗೆ ಅದೇ ಇಷ್ಟ. ಬರುವ ತಿಂಗಳು ವ್ಯಾನು ಓಡುತ್ತದೋ ಇಲ್ಲವೋ ಅಂತ ರೋಗಿಗಳು ನನ್ನನ್ನು ಕೇಳುತ್ತಾರೆ, ಆಗ ಧೈರ್ಯವಾಗಿ ಉತ್ತರ ಕೊಡಬಹುದು. ಸಾಲ ಮಾಡಿ, ಮನೆ ಖರ್ಚು ತಡೆದು ದಯವಿಟ್ಟು ಕೊಡಬೇಡಿ.

ಯಜಮಾನರ ಹೆಂಡತಿಯನ್ನು ಹೋದ ವಾರ ನೋಡಿಬಂದೆ. ಕಾಫಿ ಕೊಟ್ಟರು. ಹೊರಡುವಾಗ ಒಂದು ಕವರ್ ಕೈಗೆ ತುರುಕಿದರು, ಒಳಗೆ 400 ರೂಪಾಯಿ. ಬೇಡ ಅಂದೆ. "ಸಿಸ್ಟ್ರೇ, ಕೊನೇ ಸಲ ನಡೆಯಕ್ಕಾಗ್ತಿರಲಿಲ್ಲ ಅವರಿಗೆ. ಡ್ರೈವರಪ್ಪ ಎತ್ಕೊಂಡು ಬಂದು ಜಗಲಿ ಮೇಲೆ ಕೂರಿಸ್ದ. ಅವತ್ತಿಂದು ಇದು" ಅಂದರು. ಇಸಿದುಕೊಂಡು ರಸೀದಿ ಬರೆದುಕೊಟ್ಟೆ.

ಬಾಗಿಲ ಪಕ್ಕದ ಮೇಜಿನಲ್ಲಿ ಕ್ಯೂಆರ್ ಕೋಡ್ ಇದೆ, ರಸೀದಿ ಪುಸ್ತಕವೂ ಇದೆ. ತೆರಿಗೆ ವಿನಾಯಿತಿ ಬೇಕಾದವರು 2,000 ರೂಪಾಯಿಗಿಂತ ಜಾಸ್ತಿ ಮೊತ್ತವನ್ನು ನಗದಾಗಿ ಕೊಡಬೇಡಿ, ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ವಿನಾಯಿತಿ ಇಲ್ಲ. ಈ ನೋಟ್‌ಬುಕ್ ಅಲ್ಲೇ ಇಟ್ಟಿರುತ್ತೇನೆ. ದುಡ್ಡು ಕೊಡದವರೂ ತೆರೆದು ನೋಡಬಹುದು, ಏನು ಬೇಕಾದರೂ ಕೇಳಬಹುದು. ಒಂಬತ್ತು ಗಂಟೆವರೆಗೆ ನಾನು ಇಲ್ಲೇ ಇರುತ್ತೇನೆ.