ನಾಲ್ಕನೇ ವೇಗಿಯ ಆಯ್ಕೆ ಕುರಿತು ಸಮಿತಿಗೆ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಹಿರಿಯರ ಕ್ರಿಕೆಟ್ ಆಯ್ಕೆ ಸಮಿತಿ

ಮಾನ್ಯರೇ,

ವಿಷಯ: ನಾಲ್ಕು ದಿನಗಳ ಟೂರ್ನಿಯ 15 ಮಂದಿಯ ತಂಡದಲ್ಲಿ ನಾಲ್ಕನೇ ವೇಗದ ಬೌಲರ್ ಸ್ಥಾನ

ಹದಿನಾಲ್ಕು ಹೆಸರುಗಳ ಬಗ್ಗೆ ನಮ್ಮಲ್ಲಿ ತಕರಾರಿಲ್ಲ. ಉಳಿದಿರುವುದು ಒಂದೇ ಸ್ಥಾನ. ಶಿಬಿರದ ಪಟ್ಟಿಯ 4ನೇ ಸಂಖ್ಯೆಯ ಅನುಭವಿ ವೇಗಿಯನ್ನು ಬಿಟ್ಟು 11ನೇ ಸಂಖ್ಯೆಯವರನ್ನು ನಾನು ಸೂಚಿಸಿದ್ದಕ್ಕೆ ಇಬ್ಬರು ಸದಸ್ಯರು ಲಿಖಿತ ಕಾರಣ ಕೇಳಿದ್ದಾರೆ. ಪತ್ರದಲ್ಲಿ ವೈದ್ಯಕೀಯ ವಿವರಗಳಿರುವುದರಿಂದ ಆಟಗಾರರ ಹೆಸರು ಬರೆದಿಲ್ಲ.

ಕಳೆದ ಋತುವಿನ ಒಟ್ಟು ಲೆಕ್ಕ ನೋಡಿದರೆ 4ನೆಯವರೇ ಮುಂದಿದ್ದಾರೆ. 8 ಪಂದ್ಯ, 268 ಓವರ್, 816 ರನ್‌ಗೆ 34 ವಿಕೆಟ್, ಸರಾಸರಿ 24. 11ನೆಯವರದು 6 ಪಂದ್ಯ, 196 ಓವರ್, 583 ರನ್‌ಗೆ 22 ವಿಕೆಟ್, ಸರಾಸರಿ 26.5. ಇಷ್ಟೇ ನೋಡಿ ನಿರ್ಧರಿಸುವುದಾದರೆ ಚರ್ಚೆಯೇ ಬೇಕಿರಲಿಲ್ಲ. ಆದರೆ ಒಟ್ಟು ಲೆಕ್ಕವನ್ನು ಬಿಡಿಸಿ ನೋಡಿ. 4ನೆಯವರು ಮೊದಲ ಮೂರು ಪಂದ್ಯಗಳಲ್ಲಿ, ಹುಲ್ಲು ಉಳಿಸಿದ್ದ ಪಿಚ್‌ಗಳಲ್ಲಿ, 335 ರನ್‌ಗೆ 21 ವಿಕೆಟ್ ಕಿತ್ತರು. ಪಿಚ್ ಒಣಗಿದ ಮೇಲಿನ ಐದು ಪಂದ್ಯಗಳಲ್ಲಿ ಸಿಕ್ಕಿದ್ದು 481 ರನ್‌ಗೆ 13. ಅಂದರೆ ಸರಾಸರಿ 16ರಿಂದ 37ಕ್ಕೆ ಏರಿದೆ. 28 ಎಸೆತಕ್ಕೊಂದು ಬೀಳುತ್ತಿದ್ದ ವಿಕೆಟ್‌ಗೆ 78 ಎಸೆತ ಬೇಕಾಗಿದೆ. 11ನೆಯವರ ಗ್ರಾಫ್ ತಿರುಗುಮುರುಗು: ಮೊದಲ ಮೂರರಲ್ಲಿ 28.9, ಕೊನೆಯ ಮೂರರಲ್ಲಿ 24.5.

ಮೂರು ಪಂದ್ಯಗಳ ಲೆಕ್ಕ ಚಿಕ್ಕದು, ಅದೊಂದನ್ನೇ ನಂಬಿ ಯಾರನ್ನೂ ಕೈಬಿಡಬಾರದು ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗಾಗಿ ವಿಕೆಟ್ ಬದಿಗಿಟ್ಟು ಸ್ಪೆಲ್ ಸ್ಪೆಲ್ ನೋಡಿದೆ. ಬೇರೆ ಬೇರೆ ಮೈದಾನದ ಸ್ಪೀಡ್ ಗನ್ ರೀಡಿಂಗ್‌ಗಳನ್ನು ಒಂದಕ್ಕೊಂದು ಹೋಲಿಸುವುದು ತಪ್ಪು; ಒಂದೇ ಪಂದ್ಯದ, ಒಂದೇ ದಿನದ ಮೊದಲ ಮತ್ತು ಮೂರನೇ ಸ್ಪೆಲ್ ಮಾತ್ರ ಹೋಲಿಸಿದ್ದೇನೆ. ಕೊನೆಯ ಎರಡು ಪಂದ್ಯಗಳಲ್ಲಿ 4ನೆಯವರ ವೇಗ ಗಂಟೆಗೆ 134 ಕಿ.ಮೀ.ನಿಂದ 126ಕ್ಕೆ ಕುಸಿದಿದೆ. 11ನೆಯವರದು 131ರಿಂದ 129. ವಿಡಿಯೊ ನಿಧಾನಕ್ಕೆ ಓಡಿಸಿದರೆ ಕಾರಣವೂ ಕಾಣುತ್ತದೆ. ಮೊದಲ ಸ್ಪೆಲ್‌ನಲ್ಲಿ 4ನೆಯವರ ಎಡಗಾಲು ಪಾಪಿಂಗ್ ಕ್ರೀಸ್ ಗೆರೆಯ ಮೇಲೇ ಊರುತ್ತದೆ, ಮಂಡಿ ನೆಟ್ಟಗಿರುತ್ತದೆ. ಮೂರನೇ ಸ್ಪೆಲ್‌ಗೆ ಬರುವಷ್ಟರಲ್ಲಿ ಹೆಜ್ಜೆ ಗೇಣುದ್ದ ಮೊಟಕಾಗಿ, ಮಂಡಿ ಬಾಗಿ, ಚೆಂಡು ಬೇಗ ಕೈಬಿಡುತ್ತದೆ. ಗುಡ್ ಲೆಂತ್‌ನಲ್ಲಿ ಬಿದ್ದ ಎಸೆತಗಳು ನೂರಕ್ಕೆ 61 ಇದ್ದದ್ದು 38ಕ್ಕೆ ಇಳಿದಿವೆ. ಊರುವ ಕಾಲಿನ ತೊಡೆಯ ಹಿಂಭಾಗದ ಸ್ನಾಯುವನ್ನು ದೇಹ ಕಾಪಾಡಿಕೊಳ್ಳುವ ರೀತಿ ಅದು. ಋತುವಿನ ಕೊನೆಯ ಪಂದ್ಯದಲ್ಲಿ ಅದೇ ಎಡ ಹ್ಯಾಮ್‌ಸ್ಟ್ರಿಂಗ್ ಸೆಳೆದುಕೊಂಡು ಐದು ವಾರ ಬೌಲಿಂಗ್ ನಿಂತಿತು.

ಇನ್ನು ಫಿಟ್‌ನೆಸ್. ಯೋ-ಯೋ ಪರೀಕ್ಷೆಯಲ್ಲಿ 4ನೆಯವರು 17.2, 11ನೆಯವರು 16.4. ದೂರದ ಲೆಕ್ಕದಲ್ಲಿ 1,480 ಮತ್ತು 1,240 ಮೀಟರ್. ಎರಡು ಕಿ.ಮೀ. ಓಟದಲ್ಲಿ 8 ನಿಮಿಷ 2 ಸೆಕೆಂಡ್, 8 ನಿಮಿಷ 12 ಸೆಕೆಂಡ್. ನಾವು ಗೊತ್ತುಮಾಡಿದ ಕನಿಷ್ಠ ಮಟ್ಟ 16.1 ಮತ್ತು 8 ನಿಮಿಷ 15 ಸೆಕೆಂಡ್, ಇಬ್ಬರೂ ಪಾಸು. "ಹೆಚ್ಚು ಫಿಟ್ ಇರುವವರನ್ನೇ ಬಿಟ್ಟಿದ್ದೀರಿ" ಎಂಬ ಮಾತು ಬಂದಿದ್ದು ಇಲ್ಲಿಂದಲೇ. ಯೋ-ಯೋ ಅಳೆಯುವುದು ಇಪ್ಪತ್ತು ಮೀಟರ್ ಹೋಗಿಬಂದು, ಹತ್ತು ಸೆಕೆಂಡ್ ಸುಧಾರಿಸಿಕೊಂಡು, ಮತ್ತೆ ಓಡುವ ದಮ್ಮನ್ನು. ಪ್ರತಿ ಎಸೆತದಲ್ಲೂ ದೇಹದ ತೂಕದ ಹಲವು ಪಟ್ಟು ಹೊರೆಯನ್ನು ಒಂದೇ ಕಾಲ ಮೇಲೆ ತಡೆಯುವ ಶಕ್ತಿಯನ್ನು ಅದು ಅಳೆಯುವುದಿಲ್ಲ. ವೇಗಿಗೆ ದಮ್ಮು ಬೇಕು ನಿಜ, ಆದರೆ ಅದು ಬಾಗಿಲು ದಾಟುವ ಅರ್ಹತೆ ಮಾತ್ರ. ಒಳಗೆ ಬಂದ ಮೇಲೆ ನೋಡಬೇಕಾದದ್ದು ಬೌಲಿಂಗ್ ಹೊರೆ.

ಹಿಂದಿನ ನಾಲ್ಕು ವಾರಗಳಲ್ಲಿ ನೆಟ್ಸ್ ಮತ್ತು ಅಭ್ಯಾಸ ಪಂದ್ಯ ಸೇರಿ 4ನೆಯವರು ಎಸೆದದ್ದು ಕ್ರಮವಾಗಿ 48, 60, 96, 180 ಎಸೆತ. 11ನೆಯವರು 156, 180, 168, 192. ನಾಲ್ಕು ದಿನಗಳ ಪಂದ್ಯವಿರುವ ವಾರದಲ್ಲಿ ನಮ್ಮ ವೇಗಿಗಳ ಪಾಲಿಗೆ ಬರುವುದು ಸುಮಾರು 240. ಆ ವಾರದ ಹೊರೆಯನ್ನು, ಆ ವಾರವೂ ಅದರ ಹಿಂದಿನ ಮೂರು ವಾರಗಳೂ ಸೇರಿದ ನಾಲ್ಕು ವಾರದ ಸರಾಸರಿಯಿಂದ ಭಾಗಿಸಿದರೆ 4ನೆಯವರಿಗೆ 240 ಭಾಗ 144, ಅಂದರೆ 1.67. 11ನೆಯವರಿಗೆ 240 ಭಾಗ 195, ಅಂದರೆ 1.23. ಸಾಮಾನ್ಯವಾಗಿ 0.8ರಿಂದ 1.3ರ ಒಳಗಿದ್ದರೆ ನೆಮ್ಮದಿ, 1.5 ದಾಟಿದರೆ ಎಚ್ಚರಿಕೆ ಎಂದು ಟ್ರೈನರ್‌ಗಳು ನೋಡುತ್ತಾರೆ. ಈ ಅನುಪಾತ ಭವಿಷ್ಯ ಹೇಳುವುದಿಲ್ಲ. ಅದರ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಅದನ್ನು ಬಿಟ್ಟುಬಿಡಿ ಎಂದರೂ ಸರಿ. ಐದು ವಾರ ಸುಮ್ಮನಿದ್ದು, ಮೂರು ವಾರದ ಹಿಂದೆ 60 ಎಸೆದ ಕಾಲಿಗೆ ಈಗ 240ರ ಕೆಲಸ ಹೇಳುತ್ತಿದ್ದೇವೆ ಎಂಬ ಮಾತು ಉಳಿದೇ ಉಳಿಯುತ್ತದೆ. ಜೊತೆಗೆ ಫಿಸಿಯೊ ವರದಿಯಲ್ಲಿ ಅವರ ಎಡ ಹ್ಯಾಮ್‌ಸ್ಟ್ರಿಂಗ್ ಬಲಗಾಲಿಗಿಂತ ಶೇ. 14ರಷ್ಟು ದುರ್ಬಲ, ಮಿತಿ ಶೇ. 10. ಹೆಚ್ಚಿದ ಹೊರೆಯ ಪೆಟ್ಟು ಆ ವಾರವೇ ಕಾಣಬೇಕೆಂದಿಲ್ಲ, ಮೂರು ನಾಲ್ಕು ವಾರ ಬಿಟ್ಟೂ ಕಾಣಬಹುದು. ನಮ್ಮ ಟೂರ್ನಿ ಐದು ಪಂದ್ಯ, ನಡುವೆ ತಲಾ ಮೂರೇ ದಿನ ಬಿಡುವು. ಪಂದ್ಯದ ಎರಡನೇ ದಿನ ವೇಗಿ ಕುಂಟಿದರೆ ಅವರ ಬದಲಿಗೆ ಬೌಲ್ ಮಾಡಲು ಇನ್ನೊಬ್ಬರಿಲ್ಲ. ಅವರ ಓವರ್‌ಗಳನ್ನು ಉಳಿದಿಬ್ಬರು ಹೊರುತ್ತಾರೆ, ಮುಂದಿನ ಪಂದ್ಯಕ್ಕೆ ಅವರೂ ಸುಸ್ತು.

11ನೆಯವರನ್ನು ತೆಗೆದುಕೊಂಡರೆ ಕಳೆದುಕೊಳ್ಳುವುದೂ ಇದೆ. ಹೊಸ ಚೆಂಡಿನಲ್ಲಿ ಅವರ ವಿಕೆಟ್ 22ರಲ್ಲಿ 6 ಮಾತ್ರ. ಬ್ಯಾಟಿಂಗ್ ಸರಾಸರಿ 9. 4ನೆಯವರದು 18, ಕೆಳ ಕ್ರಮಾಂಕದಲ್ಲಿ ಅದು ಸಣ್ಣ ವ್ಯತ್ಯಾಸವಲ್ಲ. ಆದರೆ ಹೊಸ ಚೆಂಡಿಗೆ ಬೇರೆ ಇಬ್ಬರು ಈಗಾಗಲೇ ತಂಡದಲ್ಲಿದ್ದಾರೆ. ನಮಗೆ ಕೊರತೆಯಿರುವುದು 50ನೇ ಓವರ್ ನಂತರ. ಅಲ್ಲಿ 11ನೆಯವರು 9 ವಿಕೆಟ್ ತೆಗೆದಿದ್ದಾರೆ, 4ನೆಯವರು 5.

4ನೆಯವರನ್ನು ಕೈಬಿಡುವುದು ಬೇಡ, ಮೀಸಲು ಪಟ್ಟಿಯಲ್ಲಿ ಇಡೋಣ. ಮೊದಲ ಮೂರು ಪಂದ್ಯಗಳ ವಾರಗಳಲ್ಲಿ ಅವರು ತಂಡದ ಜೊತೆಗೇ 168, 180, 204 ಎಸೆತ ಹಾಕಲಿ. ಆಮೇಲೆ 240ರ ವಾರ ಬಂದರೆ ಸರಾಸರಿ 198, ಅನುಪಾತ 1.21. ಮೂರನೇ ವಾರದ ಕೊನೆಗೆ ಕಾಲುಗಳ ವ್ಯತ್ಯಾಸ ಶೇ. 10ರ ಒಳಗೆ ಬಂದು, ಒಂದೇ ದಿನದ ಮೂರನೇ ಸ್ಪೆಲ್‌ನಲ್ಲಿ ವೇಗ 3 ಕಿ.ಮೀ.ಗಿಂತ ಹೆಚ್ಚು ಇಳಿಯದಿದ್ದರೆ ನಾಲ್ಕನೇ ಪಂದ್ಯದಿಂದ ಅವರು ಲಭ್ಯ. ಆಗ ಅವರ ಪರವಾಗಿ ನಾನೇ ಮಾತಾಡುತ್ತೇನೆ. ನೆಟ್ಸ್‌ನಲ್ಲಿ ಎಸೆತ ಎಣಿಸುವ ಹೊಣೆ ಸಹಾಯಕ ಟ್ರೈನರ್‌ಗೆ ವಹಿಸಬೇಕು. ಆಟಗಾರರು ತಾವೇ ಬರೆದುಕೊಟ್ಟ ಲೆಕ್ಕದಲ್ಲಿ ವಾರ್ಮ್-ಅಪ್ ಎಸೆತಗಳು ಬಿಟ್ಟುಹೋಗುತ್ತವೆ.

ತಂಡ ಪ್ರಕಟವಾಗುವ ಮುನ್ನ ಈ ಕಾರಣಗಳನ್ನೂ ಮೂರು ವಾರದ ಯೋಜನೆಯನ್ನೂ 4ನೆಯವರಿಗೆ ಎದುರು ಕೂತು ಹೇಳಬೇಕು. ಎಂಟು ಪಂದ್ಯ ತಂಡಕ್ಕಾಗಿ ದುಡಿದವರು ಪಟ್ಟಿ ಓದಿ ತಿಳಿದುಕೊಳ್ಳುವಂತಾಗಬಾರದು. ಸಮಿತಿ ಒಪ್ಪಿದರೆ ಅಧ್ಯಕ್ಷರೊಂದಿಗೆ ನಾನೂ ಬರುತ್ತೇನೆ.

ಪಂದ್ಯವಾರು ಬೌಲಿಂಗ್ ಪಟ್ಟಿ, ನಾಲ್ಕು ವಾರದ ಎಸೆತಗಳ ದಾಖಲೆ, ಫಿಸಿಯೊ ವರದಿ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸದಸ್ಯ, ಹಿರಿಯರ ಆಯ್ಕೆ ಸಮಿತಿ