ಮುಳ್ಳಿನ ಗುಡಿಯ ಕಥೆ ಯಾರು ಹೇಳಬೇಕು?

ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಹತ್ತಿರ ಕಾಡುಗೊಲ್ಲರ ಕ್ಯಾತಪ್ಪನ ಪರಿಷೆ ನಡೆಯುತ್ತದೆ. ಪರಿಷೆಗೆಂದೇ ಬಾರೆ ಮುಳ್ಳಿನ ಕಂಟಿ ಒಟ್ಟಿ ಗುಡಿ ಕಟ್ಟುತ್ತಾರೆ. ಅದರ ತುದಿಗೆ ಕಳಶ ಇಡುತ್ತಾರೆ. ಆಮೇಲೆ ಯುವಕರು ಬರಿಗಾಲಲ್ಲಿ ಆ ಮುಳ್ಳಿನ ಮೇಲೆ ಹತ್ತಿ ಕಳಶ ಕೀಳುತ್ತಾರೆ.

ಟಿವಿಯವರು ಇದನ್ನು ತೋರಿಸುವಾಗ ‘ಮೈ ಜುಮ್ಮೆನ್ನಿಸುವ ಆಚರಣೆ’ ಅಂತಾರೆ. ವಿಚಾರವಾದಿ ಗೆಳೆಯರು ಒಂದೇ ಮಾತಲ್ಲಿ ಮೂಢನಂಬಿಕೆ ಅಂತಾರೆ. ಹಟ್ಟಿಯ ಹಿರಿಯರೊಬ್ಬರನ್ನು ನಾನು ಕೇಳಿದಾಗ ಅವರು ಮುಳ್ಳಿನ ಮಾತೇ ಎತ್ತಲಿಲ್ಲ. ಯಾವ ಹಟ್ಟಿಯವರು ಕಂಟಿ ತರಬೇಕು, ಯಾರು ಎಷ್ಟು ದಿನ ಒಪ್ಪೊತ್ತು ಇರಬೇಕು, ಯಾರ ಮನೆಯಿಂದ ಏನು ಬರಬೇಕು ಅಂತ ಬಹಳ ಹೊತ್ತು ವಿವರಿಸಿದರು. ಅವರ ಪ್ರಕಾರ ಪರಿಷೆ ಅಂದರೆ ಅದು. ಕಳಶ ಕೀಳುವುದು ಕೊನೆಯ ಕೆಲವು ನಿಮಿಷದ ಸಂಗತಿ. ನೋಡುಗರಿಗೆ ಆ ನಿಮಿಷಗಳೇ ಇಡೀ ಪರಿಷೆ.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪದವಿ ಮಕ್ಕಳಿಗೆ ಊರಿನ ಜಾತ್ರೆ, ದೈವ, ಮಠಗಳ ಬಗ್ಗೆ ಕಿರು ವರದಿ ಬರೆಸುವುದುಂಟು. ಪ್ರತಿ ಸಲ ಒಂದೇ ಜಗಳ. ‘ನಮ್ಮ ದೇವರ ಬಗ್ಗೆ ಬರೆಯೋಕೆ ಅವನ್ಯಾರು?’ ಅಂತ ಒಬ್ಬರು. ‘ನೀನು ಭಕ್ತ, ನೀನು ಒಳ್ಳೇದನ್ನೇ ಬರೀತೀಯ’ ಅಂತ ಇನ್ನೊಬ್ಬರು. ಇಬ್ಬರ ಮಾತಲ್ಲೂ ಹುರುಳಿದೆ. ಅದಕ್ಕೇ ಈ ಜಗಳವನ್ನು ಸುಮ್ನೆ ತೇಲಿಸಿಬಿಡಲು ನನಗೆ ಮನಸ್ಸು ಬರುವುದಿಲ್ಲ.

ಧರ್ಮಗಳ ಅಧ್ಯಯನದಲ್ಲಿ ಇದು ಹಳೆಯ ವಾದ. ಜರ್ಮನಿಯ ರುಡಾಲ್ಫ್ ಆಟೊ 1917ರಲ್ಲಿ ಪವಿತ್ರದ ಅನುಭವ ಕುರಿತು ಬರೆದಾಗ, ಇಂಥ ಅನುಭವವೇ ಆಗದವರು ಮುಂದೆ ಓದುವುದು ಬೇಡ ಅಂತ ಪುಸ್ತಕದಲ್ಲೇ ಕೇಳಿಕೊಂಡರು. ಕೆನಡಾದ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1959ರಲ್ಲಿ ಇನ್ನೊಂದು ನಿಯಮ ಹೇಳಿದರು. ಒಂದು ಧರ್ಮದ ಬಗ್ಗೆ ಆಡಿದ ಮಾತನ್ನು ಆ ಧರ್ಮದವರು ಒಪ್ಪುವಂತಿರಬೇಕು, ಒಪ್ಪದಿದ್ದರೆ ಆ ಮಾತಿಗೆ ಬೆಲೆಯಿಲ್ಲ ಅಂತ. ಇದಕ್ಕೆ ಎದುರಾಗಿ ಮ್ಯಾಕ್ಸ್ ಮುಲ್ಲರ್ ಹತ್ತೊಂಬತ್ತನೇ ಶತಮಾನದಲ್ಲೇ, ಒಂದೇ ಧರ್ಮ ಬಲ್ಲವನು ಯಾವುದನ್ನೂ ಬಲ್ಲವನಲ್ಲ ಎಂದಿದ್ದರು.

ಆಟೊ ಮಾತು ನನಗೆ ಒಪ್ಪಿಗೆಯಿಲ್ಲ. ಅದನ್ನು ಒಪ್ಪಿದರೆ ಓದುವ ಬಾಗಿಲೇ ಮುಚ್ಚುತ್ತದೆ. ಸ್ಮಿತ್ ಮಾತನ್ನು ಮಾತ್ರ ಹಾಗೆ ತಳ್ಳಿಹಾಕಲು ಆಗುವುದಿಲ್ಲ. ಯಾಕೆ ಅಂದರೆ, ನಾನು ಅದರ ಸತ್ಯವನ್ನು ಮನೆಯಲ್ಲೇ ಕಂಡಿದ್ದೇನೆ.

ನನ್ನ ತಾಯಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಒಕ್ಕಲು. ಜಾತ್ರೆಯಲ್ಲಿ ಎಲ್ಲರಂತೆ ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ನಾನು ನಂಬುವವಳಲ್ಲ. ಬೆಲೆ ಏರಿದಾಗ ಅಷ್ಟೊಂದು ಕೊಬ್ಬರಿ ಬೂದಿಯಾಗುವುದನ್ನು ಕಂಡು ಹೊಟ್ಟೆ ಉರಿಯುತ್ತದೆ. ಒಮ್ಮೆ ಕೇಳಿದೆ, ‘ಇದೇ ದುಡ್ಡಲ್ಲಿ ಯಾರಿಗಾದರೂ ಊಟ ಹಾಕಬಹುದಲ್ವಾ ಅಮ್ಮ?’ ಅವರು ಸಿಟ್ಟಾಗಲಿಲ್ಲ. ‘ಊಟ ಹಾಕೋದು ಬೇರೆ, ಅದನ್ನೂ ಮಾಡ್ತೀನಿ. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಒಬ್ಬಳೇ ಕೂತು ಮಾತು ಕೊಟ್ಟಿದ್ದೀನಿ. ಕೊಟ್ಟ ಮಾತು ಕೊಟ್ಟಂಗೇ ತೀರಿಸಬೇಕು’ ಅಂದರು. ನಾನು ಖರ್ಚು ಲೆಕ್ಕ ಹಾಕುತ್ತಿದ್ದೆ. ಅವರು ಋಣ ತೀರಿಸುತ್ತಿದ್ದರು. ಆ ಬೆಂಕಿಯ ಮುಂದೆ ನಿಂತ ಹೆಂಗಸಿನ ಮನಸ್ಸಲ್ಲಿ ಏನು ನಡೆಯುತ್ತಿದೆ ಎಂಬ ಪ್ರಶ್ನೆಗೆ ಕೊನೆಯ ಮಾತು ಅವರದ್ದೇ. ನಾನು ಎಷ್ಟು ಓದಿಕೊಂಡಿದ್ದರೂ ಅದನ್ನು ಅವರ ಬಾಯಿಂದಲೇ ಕೇಳಬೇಕು.

ಆದರೆ ಎಲ್ಲ ಪ್ರಶ್ನೆಯೂ ಮನಸ್ಸಿನದ್ದಲ್ಲ. ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದರು, ಕೆಲಸ ಮಾಡಿದವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಿಗುತ್ತಿತ್ತು ಅಂತ ಜನ ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಆ ಕೆರೆಗಳು ಯಾವ ಕಾಲದವು, ಅದಕ್ಕೆ ಬರವಣಿಗೆಯ ಆಧಾರ ಏನಿದೆ ಅಂತ ಕೇಳಿದರೆ ಭಕ್ತಿ ಉತ್ತರ ಕೊಡುವುದಿಲ್ಲ. ಏರಿಯ ಕಲ್ಲು, ಹಳೇ ಕಾಗದ, ಶಾಸನ ನೋಡಬೇಕು. ಅಲ್ಲಿ ನಂಬುವವರಿಗೂ ನಂಬದವರಿಗೂ ಒಂದೇ ಅಳತೆ.

ನಮ್ಮ ಜಿಲ್ಲೆಯ ಶಾಸನಗಳನ್ನೇ ತೆಗೆದುಕೊಳ್ಳಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇರುವುದನ್ನು 1892ರಲ್ಲಿ ಹೊರಜಗತ್ತಿಗೆ ತಿಳಿಸಿದವರು ಬಿ.ಎಲ್. ರೈಸ್. ಪಾದ್ರಿಯ ಮಗ, ಬೆಂಗಳೂರಲ್ಲಿ ಹುಟ್ಟಿದವರು. ಚಿತ್ರದುರ್ಗ ಜಿಲ್ಲೆಯ ಜೈನ, ಶೈವ, ವೈಷ್ಣವ ಶಾಸನಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಇವುಗಳಲ್ಲಿ ಯಾವ ಪಂಥಕ್ಕೂ ಅವರು ಸೇರಿದವರಲ್ಲ. ಇನ್ನೊಂದು ಕಡೆ ಫ.ಗು. ಹಳಕಟ್ಟಿ ಇದ್ದಾರೆ. ಮನೆಮನೆ ತಿರುಗಿ ವಚನಗಳ ತಾಳೆಗರಿ ಕೂಡಿಹಾಕಿ, ಸ್ವಂತ ಅಚ್ಚುಕೂಟ ಇಟ್ಟು ಪ್ರಕಟಿಸಿದರು. ಒಳಗಿನ ಭಕ್ತಿ ಇಲ್ಲದೆ ಒಬ್ಬ ಮನುಷ್ಯ ಅಷ್ಟು ಕಷ್ಟ ಪಡುತ್ತಿದ್ದನೇ? ಅನುಮಾನ. ಇಬ್ಬರ ಕೆಲಸವೂ ಇವತ್ತಿಗೂ ನಮಗೆ ಬೇಕು. ಅವರನ್ನು ಒಳಗಿನವರು, ಹೊರಗಿನವರು ಅಂತ ತಕ್ಕಡಿಯಲ್ಲಿ ಇಟ್ಟು ತೂಗಿದರೆ ನಮಗೆ ಏನೂ ತಿಳಿಯುವುದಿಲ್ಲ.

ಅಂದಹಾಗೆ, ಬ್ರಹ್ಮಗಿರಿಯ ಆ ಬಂಡೆ ಮೇಲೆ ಅಶೋಕ ಏನು ಹೇಳಿಕೊಂಡಿದ್ದಾನೆ ಗೊತ್ತಾ? ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಅಂತ. ಎರಡು ಸಾವಿರ ವರ್ಷಕ್ಕಿಂತ ಹಳೆಯ ಈ ಮಾತನ್ನು ನಾನು ತರಗತಿಯಲ್ಲಿ ತಪ್ಪದೆ ಓದಿಸುತ್ತೇನೆ. ರಾಜನೇ ಹೀಗೆ ಹೇಳಿಕೊಂಡಾಗ, ನಂಬಿಕೆಯಲ್ಲಿ ಜಾಸ್ತಿ ಕಡಿಮೆ ಇರುತ್ತದೆ ಎಂಬುದನ್ನು ಬೇರೆ ವಿವರಿಸಬೇಕಿಲ್ಲ. ಆ ಆಲಸ್ಯದ ವರ್ಷದಲ್ಲಿ ಅಶೋಕ ಒಳಗಿನವನೋ ಹೊರಗಿನವನೋ? ಹಾಗೆಯೇ ಹರಿಹರದ ದೇವಸ್ಥಾನಕ್ಕೆ ಬನ್ನಿ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿ. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಅಲ್ಲಿ ಕೈಮುಗಿದು ನಿಂತವರಲ್ಲಿ ಯಾರು ಯಾರಿಗೆ ಹೊರಗಿನವರು?

ಸ್ಮಿತ್ ನಿಯಮದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ. ಆ ಧರ್ಮದವರು ಒಪ್ಪಬೇಕು ಅಂದರಲ್ಲ, ಯಾರು ಒಪ್ಪಬೇಕು? ನಮ್ಮ ಕಡೆಯ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು, ಹಸಿ ಬಾಣಂತಿಯರು ಹಟ್ಟಿಯ ಹೊರಗೆ ಇರುವ ಪದ್ಧತಿ ಬಹಳ ಕಾಲದಿಂದ ಇದೆ. ಅದನ್ನು ಪೂಜಾರಿಯನ್ನು ಕೇಳಿದರೆ ದೇವರ ಮಡಿ ಅನ್ನುತ್ತಾರೆ. ಅಜ್ಜಿಯನ್ನು ಕೇಳಿದರೆ, ‘ನಾವೂ ಇದ್ವಿ ಕಣವ್ವ, ಏನಾಯ್ತು?’ ಅನ್ನುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿ ಮಳೆಯಲ್ಲಿ ಆ ಗುಡಿಸಲಲ್ಲಿ ಕೂತು ಪರೀಕ್ಷೆಗೆ ಓದಿದ್ದನ್ನು ಹೇಳುತ್ತಾಳೆ. ಮೂವರೂ ಜುಂಜಪ್ಪನನ್ನು ನಂಬುವವರು, ಮೂವರೂ ಒಳಗಿನವರು. ಪೂಜಾರಿ ಒಪ್ಪಿದ್ದೇ ಸಂಪ್ರದಾಯ ಅಂತ ಬರೆದರೆ ಆ ಹುಡುಗಿಯನ್ನು ಬರವಣಿಗೆಯಲ್ಲೂ ಹಟ್ಟಿಯ ಆಚೆ ಕೂರಿಸಿದಂತೆ. ಇದನ್ನು ಹೇಳುವಾಗ ನನಗೆ ಸಂಕಟವೂ ಆಗುತ್ತದೆ. ಕಾಡುಗೊಲ್ಲರ ಬಗ್ಗೆ ಹೊರಗಿನವರು ಇದೊಂದನ್ನೇ ಬರೆಯುತ್ತಾರೆ. ಅವರ ದೇವರ ಎತ್ತುಗಳ ಮೇಲಿನ ಅಕ್ಕರೆ, ರಾತ್ರಿಯಿಡೀ ಹಾಡುವ ಎತ್ತಪ್ಪ ಜುಂಜಪ್ಪರ ಕಾವ್ಯ, ಇವು ಒಂದು ಸಾಲಿಗೂ ಬರುವುದಿಲ್ಲ. ಹುಡುಗಿಯ ಮಾತನ್ನೂ ಬಿಡಬಾರದು, ಅದನ್ನು ಮಾತ್ರ ಹಿಡಿದು ಇಡೀ ಜನರನ್ನು ಕೆಳಗೆ ತಳ್ಳಲೂಬಾರದು.

ಹೊರಗಿನಿಂದ ಬಂದವರು ಯಾವ ಬಾಗಿಲಿಂದ ಊರಿಗೆ ಕಾಲಿಡುತ್ತಾರೆ ಎಂಬುದೂ ಮುಖ್ಯ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಅದನ್ನು ರಾಮಪುರ ಎಂದು ಕರೆದರು. ಭಾಷೆ ಅವರದ್ದೇ, ನಾಡು ಅವರದ್ದೇ. ಆದರೂ ಬ್ರಾಹ್ಮಣರು, ಊರ ಮುಖ್ಯಸ್ಥರ ಆಸರೆಯಲ್ಲಿ ಉಳಿದವರು. ಹಾಗಾಗಿ ದಲಿತರ ಕೇರಿಯ ಬದುಕು ತನಗೆ ಸಾಲದಷ್ಟು ಮಾತ್ರ ಕಂಡಿತು ಎಂದು ಅವರೇ ಮುಂದೆ ಬರೆದುಕೊಂಡರು. ಅವರು ಹಾಗೆ ಬರೆದದ್ದರಿಂದ ಓದುವವರಿಗೆ ಎಲ್ಲಿ ಎಚ್ಚರವಾಗಿರಬೇಕು ಎಂಬುದು ಗೊತ್ತಾಯಿತು.

ಅದಕ್ಕೇ ಈಗ ಮಕ್ಕಳಿಗೆ ಒಂದು ಕ್ರಮ ಹಾಕಿಕೊಟ್ಟಿದ್ದೇನೆ. ವರದಿಯ ಮೊದಲ ಪುಟದಲ್ಲಿ ತಾನು ಯಾರು, ಯಾರ ಮನೆಯಲ್ಲಿ ಉಳಿದೆ, ಯಾರ ಹತ್ತಿರ ಮಾತಾಡಲು ಆಗಲಿಲ್ಲ ಅಂತ ಬರೆಯಬೇಕು. ಬರೆದದ್ದನ್ನು ಆ ಊರಿಗೆ ಒಯ್ದು ಓದಿ ಹೇಳಬೇಕು. ಆಕ್ಷೇಪ ಬಂದರೆ ಆಕ್ಷೇಪವನ್ನೂ ವರದಿಯಲ್ಲಿ ಸೇರಿಸಬೇಕು. ತಾನು ಕಂಡದ್ದನ್ನು ಮಾತ್ರ ಹೆದರಿ ಅಳಿಸಬಾರದು. ಹೋದ ವರ್ಷ ಹಿರಿಯರೊಬ್ಬರು ಒಂದು ಪ್ಯಾರಾ ತೆಗೆಯಲು ಹೇಳಿದರು. ನಾವು ತೆಗೆಯಲಿಲ್ಲ. ಯಾಕೆ ಬೇಡ ಅಂತ ಅವರು ಹೇಳಿದ್ದನ್ನು ಅದರ ಕೆಳಗೇ ಅವರ ಮಾತಲ್ಲೇ ಹಾಕಿದೆವು. ನಿಜ ಹೇಳಬೇಕೆಂದರೆ, ಆ ಎರಡು ಪ್ಯಾರಾ ಒಟ್ಟಿಗೆ ಓದಿದಾಗಲೇ ನನಗೆ ಆ ಊರು ಅರ್ಥವಾಯಿತು.

ಇನ್ನು ನಂಬದವರ ಬಗ್ಗೆ. ನಮಗೆ ಯಾವ ಪಕ್ಷವೂ ಇಲ್ಲ, ನಾವು ಇದ್ದದ್ದನ್ನು ಇದ್ದ ಹಾಗೆ ನೋಡುತ್ತೇವೆ ಎಂಬ ನಂಬಿಕೆ ನಮ್ಮಲ್ಲಿದೆ. ಸ್ಕಾಟ್‌ಲೆಂಡಿನ ವಿದ್ವಾಂಸ ನಿನಿಯನ್ ಸ್ಮಾರ್ಟ್ 1973ರಲ್ಲಿ, ಅಧ್ಯಯನ ಮಾಡುವಾಗ ದೇವರು ನಿಜವೋ ಸುಳ್ಳೋ ಎಂಬ ತೀರ್ಪನ್ನು ಪಕ್ಕಕ್ಕಿಡಿ ಅಂದರು. ಒಳ್ಳೆಯ ಸಲಹೆ. ಆದರೆ ದೇವರ ಬಗ್ಗೆ ತೀರ್ಪು ಪಕ್ಕಕ್ಕಿಟ್ಟವರೂ ಭಕ್ತರ ಬಗ್ಗೆ ತೀರ್ಪು ಇಟ್ಟುಕೊಂಡೇ ಬರುತ್ತಾರೆ.

ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗೆಲ್ಲ ಪ್ರಾಣಿಬಲಿ ಮಾತು ಏಳುತ್ತದೆ. ಬಲಿ ತಡೆಯುವ ಕಾನೂನು ರಾಜ್ಯದಲ್ಲಿ 1959ರಿಂದ ಇದೆ. ನಾನು ಆ ಕಾನೂನಿನ ಪರ. ಆದರೂ ಬಲಿ ಬೇಡ ಅನ್ನುವವರ ಮಾತಲ್ಲಿ ಹಳೇ ಊರಿನ ಜನ ಬರೀ ರಕ್ತ ಕಂಡು ಕುಣಿಯುವವರ ಹಾಗೆ ಕಾಣುತ್ತಾರೆ. ಬೀಗರನ್ನು ಕರೆದು, ಸಾಲ ಮಾಡಿಯಾದರೂ ಮನೆ ತುಂಬ ಉಣ್ಣಿಸುವ ಹಬ್ಬ ಅದು ಎಂಬುದು ಆ ಮಾತಲ್ಲಿ ಇರುವುದಿಲ್ಲ. ಭಕ್ತರ ಮಾತಲ್ಲಿ ನಮ್ಮಂಥವರು ಯಾರೋ ದುಡ್ಡು ಕೊಟ್ಟು ಕಳಿಸಿದ, ಅಮ್ಮನ ಮೇಲೆ ದ್ವೇಷ ಇಟ್ಟುಕೊಂಡ ಜನ. ಒಬ್ಬ ಮನುಷ್ಯನಿಗೆ ಕುರಿಯ ಕೊರಳ ಕೂಗು ನಿಜವಾಗಿಯೂ ನಿದ್ದೆಗೆಡಿಸಬಹುದು ಎಂಬುದು ಅವರಿಗೆ ಹೊಳೆಯುವುದಿಲ್ಲ. ಭಕ್ತರನ್ನು ನ್ಯಾಯವಾಗಿ ಬಣ್ಣಿಸಿ ಅಂತ ನಮಗೆ ಹೇಳುವವರು ಬಹಳ ಜನ. ನಂಬದವರನ್ನೂ ಅಷ್ಟೇ ನ್ಯಾಯವಾಗಿ ಬಣ್ಣಿಸಿ ಅಂತ ಭಕ್ತರಿಗೆ ಹೇಳುವವರನ್ನು ನಾನು ಇನ್ನೂ ಕಂಡಿಲ್ಲ. ಮುಂದಿನ ಜಾತ್ರೆಗೆ ಇಬ್ಬರು ಮಕ್ಕಳಿಗೆ ಈ ಕೆಲಸ ಕೊಡುವ ಯೋಚನೆ ಇದೆ. ಅಮ್ಮನಿಗೆ ಹರಕೆ ಹೊತ್ತ ಮನೆಯ ಹುಡುಗಿ ಬಲಿ ವಿರೋಧಿಸುವವರ ಜೊತೆ ಆ ದಿನಗಳನ್ನು ಕಳೆದು ಅವರ ಬಗ್ಗೆ ಬರೆಯಲಿ. ವಿರೋಧಿಸುವ ಹುಡುಗ ಹರಕೆಯ ಮನೆಯಲ್ಲಿ ಅಡುಗೆಗೆ ಕೈಜೋಡಿಸಿ ಬರೆಯಲಿ. ಇಬ್ಬರೂ ಒಪ್ಪಿದ್ದಾರೆ. ಹುಡುಗಿಯ ಮನೆಯವರು ಇನ್ನೂ ಒಪ್ಪಬೇಕಿದೆ.