ಆರೋಗ್ಯ ವಿಮೆಯ ನವೀಕರಣದಲ್ಲಿ ಪ್ರೀಮಿಯಂ ಏರಿಕೆ ಹಾಗೂ ಹಳೆಯ ಸೌಲಭ್ಯಗಳ ಮುಂದುವರಿಕೆ ಕುರಿತು ಮನವಿ

ಮೂಡಿಗೆರೆ,
8 ಡಿಸೆಂಬರ್ 2025

ಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ
(ಶಾಖಾ ವ್ಯವಸ್ಥಾಪಕರು, ಚಿಕ್ಕಮಗಳೂರು, ಇವರ ಮೂಲಕ)

ವಿಷಯ: 11 ಜನವರಿ 2026ಕ್ಕೆ ಮುಗಿಯುವ ನಮ್ಮ ಫ್ಯಾಮಿಲಿ ಫ್ಲೋಟರ್ ಪಾಲಿಸಿಯ ನವೀಕರಣ ನೋಟಿಸಿನಲ್ಲಿ ಪ್ರೀಮಿಯಂ ಶೇ. 62ರಷ್ಟು ಏರಿರುವುದು ಮತ್ತು ಏಳು ವರ್ಷಗಳ ಸೌಲಭ್ಯಗಳು ಕೈಬಿಟ್ಟುಹೋಗಿರುವುದು.

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ನನಗೆ 63 ವರ್ಷ, ನನ್ನ ಪತ್ನಿಗೆ 59 ವರ್ಷ. 12 ಜನವರಿ 2019ರಂದು ತಮ್ಮ ಚಿಕ್ಕಮಗಳೂರು ಶಾಖೆಯಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ರೂ. 5 ಲಕ್ಷದ ಪಾಲಿಸಿ ಮಾಡಿಸಿದಾಗಿನಿಂದ ಇಂದಿನವರೆಗೆ ಒಂದು ದಿನವೂ ತಡವಾಗದಂತೆ ಕಂತು ಕಟ್ಟಿದ್ದೇನೆ. 1 ಡಿಸೆಂಬರ್ ದಿನಾಂಕದ ತಮ್ಮ ನವೀಕರಣ ನೋಟಿಸು 3ರಂದು ನನ್ನ ಕೈಸೇರಿತು. ಅದನ್ನು ಹಳೆಯ ಪಾಲಿಸಿ ಪತ್ರಗಳ ಜೊತೆಗಿಟ್ಟು ಸಾಲುಸಾಲಾಗಿ ಓದಿದ ಮೇಲೆ ಈ ಪತ್ರ ಬರೆಯುವುದು ಅನಿವಾರ್ಯವಾಯಿತು.

ಮೊದಲು ಪ್ರೀಮಿಯಂ ವಿಚಾರ. ಕಳೆದ ಜನವರಿಯಲ್ಲಿ ನಾನು ಕಟ್ಟಿದ್ದು ರೂ. 41,300, ಈ ಬಾರಿ ಕೇಳಿರುವುದು ರೂ. 56,700. ತಮ್ಮ ಗ್ರಾಹಕ ಸೇವಾ ವಿಭಾಗಕ್ಕೆ ದೂರವಾಣಿ ಮಾಡಿದಾಗ ಏರಿಕೆ ಸುಮಾರು ಶೇ. 37 ಎಂದು ತಿಳಿಸಿದರು. ಆದರೆ ಕಳೆದ ವರ್ಷದ ರಸೀದಿಯಲ್ಲಿ ಮೂಲ ಪ್ರೀಮಿಯಂ ರೂ. 35,000 ಮಾತ್ರ, ಉಳಿದ ರೂ. 6,300 ಶೇ. 18ರ ಜಿಎಸ್‌ಟಿ. ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿಯನ್ನು 22 ಸೆಪ್ಟೆಂಬರ್ 2025ರಿಂದ ಸಂಪೂರ್ಣವಾಗಿ ತೆಗೆದುಹಾಕಲಾಗಿದ್ದು, ಈ ವರ್ಷದ ರೂ. 56,700ರಲ್ಲಿ ತೆರಿಗೆಯ ಪಾಲು ಇಲ್ಲವೆಂದು ನೋಟಿಸೇ ತೋರಿಸುತ್ತದೆ. ಹಾಗಾಗಿ ಹೋಲಿಸಬೇಕಾದದ್ದು 35,000ವನ್ನು 56,700ರೊಂದಿಗೆ. ನಿಜವಾದ ಏರಿಕೆ ರೂ. 21,700, ಅಂದರೆ ಶೇ. 62. ಗ್ರಾಹಕರ ಹೊರೆ ಇಳಿಯಲೆಂದು ಬಿಟ್ಟುಕೊಟ್ಟ ತೆರಿಗೆ ನಮಗೆ ದಕ್ಕದೆ, ಏರಿಕೆಯ ಪ್ರಮಾಣವನ್ನು ಕಡಿಮೆಯೆಂಬಂತೆ ಕಾಣಿಸಲು ಬಳಕೆಯಾಗಿರುವುದು ನನಗೆ ತೀರ ನೋವು ತಂದ ಸಂಗತಿ.

ಹಿರಿಯ ನಾಗರಿಕರ ಆರೋಗ್ಯ ವಿಮೆಯ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವುದಾದರೆ ಮುಂಚಿತವಾಗಿ ತನ್ನೊಂದಿಗೆ ಸಮಾಲೋಚಿಸಬೇಕು ಎಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಜನವರಿ 2025ರ ಕೊನೆಯಲ್ಲಿ ಎಲ್ಲ ಕಂಪನಿಗಳಿಗೂ ಸೂಚಿಸಿದೆ. ನಮ್ಮ ಪಾಲಿಸಿಯ ಪ್ರೀಮಿಯಂ ನಿಗದಿಯಾಗುವುದು ಹಿರಿಯ ಸದಸ್ಯನಾದ ನನ್ನ ವಯಸ್ಸಿನ ಮೇಲೆ, ನಾನು 60 ದಾಟಿ ಮೂರು ವರ್ಷವಾಗಿದೆ. ಆ ಮಿತಿಯ ಪ್ರಕಾರ ಮೊತ್ತ ರೂ. 38,500 ದಾಟಬಾರದು. ಅದನ್ನು ಮೀರಲು ಪ್ರಾಧಿಕಾರದೊಂದಿಗೆ ಸಮಾಲೋಚನೆ ನಡೆದಿದ್ದರೆ ಅದರ ದಿನಾಂಕ ಮತ್ತು ವಿವರವನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕು.

ವಯಸ್ಸಿನ ಗುಂಪು ಬದಲಾದದ್ದೇ ಕಾರಣವೆಂದು ದೂರವಾಣಿಯಲ್ಲಿ ಹೇಳಲಾಯಿತು. ತಮ್ಮದೇ ದರಪಟ್ಟಿಯಲ್ಲಿ ಗುಂಪು 61ರಿಂದ 65. ನಾನು ಅದರೊಳಗೆ ಬಂದು ಎರಡು ವರ್ಷವಾಗಿದೆ, ಅದರ ಹೆಚ್ಚುವರಿಯನ್ನು ಆಗಲೇ ಕಟ್ಟಿದ್ದೇನೆ. ಇನ್ನು ಉಳಿಯುವುದು, ಕಳೆದ ಮಾರ್ಚಿನಲ್ಲಿ ನನ್ನ ಪತ್ನಿಗೆ ಹಾಸನದಲ್ಲಿ ನಡೆದ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಮಂಜೂರಾದ ರೂ. 86,000ದ ಕ್ಯಾಶ್‌ಲೆಸ್ ಕ್ಲೈಮ್. ಏಳು ವರ್ಷಗಳಲ್ಲಿ ನಾವು ಪಡೆದದ್ದು ಅದೊಂದೇ. ಅಂದು ತಮ್ಮ ಸಿಬ್ಬಂದಿ ಒಂದೇ ದಿನದಲ್ಲಿ ಮಂಜೂರಾತಿ ಕೊಟ್ಟಿದ್ದನ್ನು ನಾವು ಈಗಲೂ ಕೃತಜ್ಞತೆಯಿಂದ ನೆನೆಯುತ್ತೇವೆ. ಆ ಕ್ಲೈಮಿನ ಕಾರಣಕ್ಕಾಗಿ ಈ ಏರಿಕೆಯಲ್ಲಿ ಯಾವುದೇ ಭಾಗ ಸೇರಿದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಸ್ಪಷ್ಟ ಉತ್ತರ ಬೇಕು.

ಪ್ರೀಮಿಯಂಗಿಂತಲೂ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ನೋಟಿಸಿನ ಎರಡನೆಯ ಪುಟ. ಅಲ್ಲಿ ಪಾಲಿಸಿಯ ಹೆಸರು ಬದಲಾಗಿದೆ, ಮೊದಲ ಪ್ರಾರಂಭ ದಿನಾಂಕ 12 ಜನವರಿ 2026 ಎಂದಿದೆ, ನನ್ನ ಬಿಪಿ ಮತ್ತು ಸಕ್ಕರೆ ಕಾಯಿಲೆಗೆ 36 ತಿಂಗಳ ಕಾಯುವ ಅವಧಿ ಎಂದು ನಮೂದಾಗಿದೆ. ಈ ಎರಡನ್ನೂ ನಾನು 2019ರ ಅರ್ಜಿಯಲ್ಲಿಯೇ ಮುಚ್ಚುಮರೆಯಿಲ್ಲದೆ ತಿಳಿಸಿದ್ದೆ. ಆಗಿದ್ದ 48 ತಿಂಗಳ ಕಾಯುವ ಅವಧಿ ಜನವರಿ 2023ಕ್ಕೇ ಮುಗಿದಿದೆ. ಒಮ್ಮೆ ಕಾದು ಮುಗಿಸಿದ್ದನ್ನು ಮತ್ತೆ ಮೊದಲಿನಿಂದ ಕಾಯಬೇಕೆಂದರೆ ನಾನು ಇಷ್ಟು ವರ್ಷ ಕಟ್ಟಿದ ಹಣಕ್ಕೆ ಅರ್ಥವೇ ಉಳಿಯುವುದಿಲ್ಲ. ಹಳೆಯ ಯೋಜನೆಯನ್ನು ಹಿಂತೆಗೆದುಕೊಂಡಿದ್ದರೆ ಅದು ಕಂಪನಿಯ ತೀರ್ಮಾನ. ನಾನು ಬದಲಾವಣೆ ಕೇಳಿಲ್ಲ, ಒಪ್ಪಿಗೆಯ ಸಹಿಯನ್ನೂ ಹಾಕಿಲ್ಲ. ಒಂದೇ ಕಂಪನಿಯೊಳಗೆ ಯೋಜನೆ ಬದಲಾದಾಗ ಗ್ರಾಹಕನು ಗಳಿಸಿದ ಅವಧಿಯ ಲಾಭ ಹಿಂದಿನ ವಿಮಾ ಮೊತ್ತದ ಮಟ್ಟಿಗೆ ಮುಂದುವರಿಯಬೇಕೆಂಬುದು ತಮ್ಮ ಪಾಲಿಸಿಯ ವಲಸೆ ನಿಯಮದಲ್ಲಿಯೇ ಇದೆ. ನಾನು ವಿಮಾ ಮೊತ್ತವನ್ನು ಹೆಚ್ಚಿಸಿಯೂ ಇಲ್ಲ.

ಆದ್ದರಿಂದ ಮೊದಲ ಪ್ರಾರಂಭ ದಿನಾಂಕವನ್ನು 12 ಜನವರಿ 2019 ಎಂದೇ ನಮೂದಿಸಿ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಕಾಯುವ ಅವಧಿಯನ್ನೂ, ಕಣ್ಣಿನ ಪೊರೆ, ಹರ್ನಿಯಾ ಮುಂತಾದವುಗಳಿಗಿದ್ದ 24 ತಿಂಗಳ ಅವಧಿಯನ್ನೂ ಮುಗಿದಿವೆಯೆಂದು ದಾಖಲಿಸಬೇಕು. ಪ್ರಾಧಿಕಾರದ 2024ರ ನಿಯಮಗಳಂತೆ 60 ತಿಂಗಳು ನಿರಂತರವಾಗಿ ನಡೆದ ಪಾಲಿಸಿಯ ಕ್ಲೈಮನ್ನು, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣ ಹೇಳಿ ಪ್ರಶ್ನಿಸುವಂತಿಲ್ಲ. ನಮ್ಮ ಪಾಲಿಸಿ 82 ತಿಂಗಳಿಗೂ ಹೆಚ್ಚು ಕಾಲ ನಡೆದಿದೆ, ಆ ರಕ್ಷಣೆಯೂ ಹಾಗೆಯೇ ಉಳಿಯಬೇಕು. ಸಂಚಿತ ಬೋನಸ್ ರೂ. 2,50,000 ಇತ್ತು, ಕ್ಲೈಮ್ ಮಾಡಿದ ವರ್ಷಕ್ಕೆ ರೂ. 50,000 ಕಡಿತವೆಂದು ಪಾಲಿಸಿಯಲ್ಲಿದೆ, ಅದು ನನಗೆ ಒಪ್ಪಿಗೆ. ಉಳಿಯಬೇಕಾದದ್ದು ರೂ. 2,00,000. ನೋಟಿಸಿನಲ್ಲಿ ಸೊನ್ನೆ ಇದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಪ್ರೀಮಿಯಂ ದರ ಬದಲಾಗುವುದಾದರೆ ಮೂರು ತಿಂಗಳು ಮುಂಚೆ ತಿಳಿಸುವುದಾಗಿ ಪಾಲಿಸಿಯ ಷರತ್ತಿನಲ್ಲಿ ಬರೆದಿದೆ, ಬೇರೆ ಕಂಪನಿಗೆ ಪೋರ್ಟ್ ಮಾಡಲು ಕನಿಷ್ಠ 45 ದಿನ ಮುಂಚೆ ಅರ್ಜಿ ಹಾಕಬೇಕೆಂದೂ ಅಲ್ಲಿಯೇ ಇದೆ. ನೋಟಿಸು ಸಿದ್ಧವಾದ ದಿನಕ್ಕೇ ಉಳಿದದ್ದು 41 ದಿನ. ಏರಿಕೆಯ ಸುದ್ದಿ ತಿಳಿಯುವ ಮೊದಲೇ ಬೇರೆ ಕಡೆ ಹೋಗುವ ಬಾಗಿಲು ಮುಚ್ಚಿತ್ತು. ನಮ್ಮ ಕಡೆ ಇದು ಕಾಫಿ ಕೊಯ್ಲಿನ ಕಾಲ, ಕೈಯಲ್ಲಿರುವ ಹಣವೆಲ್ಲ ಆಳುಗಳ ಕೂಲಿಗೆ ಹೋಗುತ್ತಿರುವ ಹೊತ್ತು. ಮೂರು ತಿಂಗಳ ಮುನ್ಸೂಚನೆ ಇದ್ದಿದ್ದರೆ ನಾನು ಹಣವನ್ನೂ ಹೊಂದಿಸಿಕೊಳ್ಳುತ್ತಿದ್ದೆ, ಬೇರೆ ಕಂಪನಿಯನ್ನೂ ವಿಚಾರಿಸುತ್ತಿದ್ದೆ.

ಅವಧಿ ಮುಗಿದ ಮೇಲೆ 30 ದಿನಗಳ ರಿಯಾಯಿತಿ ಅವಧಿ ಇದೆಯೆಂಬುದು ನನಗೆ ಗೊತ್ತು. ಆದರೆ ವರ್ಷಕ್ಕೊಮ್ಮೆ ಕಟ್ಟುವ ನಮ್ಮ ಪಾಲಿಸಿಯಲ್ಲಿ ಆ ದಿನಗಳಲ್ಲಿ ಬಂದ ಕಾಯಿಲೆಗೆ ರಕ್ಷಣೆ ಸಿಗದು. ಈ ವಯಸ್ಸಿನಲ್ಲಿ ಅಂಥ ಅಪಾಯಕ್ಕೆ ನಾನು ಕೈಹಾಕುವುದಿಲ್ಲ. ಆದುದರಿಂದ ತಿದ್ದಿದ ನೋಟಿಸು ಹಾಗೂ ಲಿಖಿತ ಉತ್ತರವನ್ನು ಈ ಪತ್ರ ತಲುಪಿದ 14 ದಿನಗಳೊಳಗೆ ಕಳುಹಿಸಬೇಕೆಂದು ಕೋರುತ್ತೇನೆ. ಬಾರದಿದ್ದಲ್ಲಿ ಪಾಲಿಸಿ ತುಂಡಾಗದಿರಲೆಂದು 11 ಜನವರಿಯೊಳಗೆ ರೂ. 56,700ನ್ನು ಆಕ್ಷೇಪಣೆಯೊಂದಿಗೆ ಕಟ್ಟುತ್ತೇನೆ. ಅದನ್ನು ಹೊಸ ಷರತ್ತುಗಳಿಗೆ ನನ್ನ ಒಪ್ಪಿಗೆಯೆಂದು ಭಾವಿಸಬಾರದು, ಹೆಚ್ಚಾಗಿ ಪಡೆದ ಮೊತ್ತವನ್ನು ಹಿಂದಿರುಗಿಸಬೇಕು. ಒಂದು ತಿಂಗಳಲ್ಲಿ ಸಮಾಧಾನಕರ ಉತ್ತರ ದೊರೆಯದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರ ಮುಂದೆ ಹೋಗುತ್ತೇನೆ. ಅಲ್ಲಿಯವರೆಗೆ ಹೋಗದೆ ತಮ್ಮ ಮಟ್ಟದಲ್ಲಿಯೇ ಇದು ಸರಿಹೋಗಲಿ ಎಂಬುದೇ ನನ್ನ ಆಸೆ.

2019ರ ಅರ್ಜಿ, ಏಳೂ ವರ್ಷಗಳ ಪಾಲಿಸಿ ಪತ್ರಗಳು, ಕಳೆದ ವರ್ಷದ ರಸೀದಿ, ಕ್ಲೈಮ್ ಮಂಜೂರಾತಿ ಪತ್ರ ಮತ್ತು ಈಗಿನ ನೋಟಿಸಿನ ನಕಲು ಪ್ರತಿಗಳನ್ನು ಲಗತ್ತಿಸಿದ್ದೇನೆ. ಪಾಲಿಸಿ ಸಂಖ್ಯೆ ನೋಟಿಸಿನ ಮೇಲ್ಭಾಗದಲ್ಲಿದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಕೆ. ಎಸ್. ನಾಗೇಶ
ಪಾಲಿಸಿದಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ